ಬಿಲ್ಡರ್‌ಗೆ ಬರೆಯುವ ಪತ್ರ: ‘ರದ್ದು’ ಅನ್ನಬೇಕೋ, ‘ಹಿಂದೆ ಸರಿಯುತ್ತೇನೆ’ ಅನ್ನಬೇಕೋ?

ಪ್ರಶ್ನೆ:
ಚಿಕ್ಕಪ್ಪನ ಪರವಾಗಿ ಬಿಲ್ಡರ್‌ಗೆ ಕನ್ನಡದಲ್ಲಿ ಪತ್ರ ಬರೆಯುತ್ತಿದ್ದೇನೆ. ಒಪ್ಪಂದದ ಪ್ರಕಾರ 2023ರ ಡಿಸೆಂಬರ್‌ನಲ್ಲಿ ಫ್ಲ್ಯಾಟ್ ಕೈಗೆ ಬರಬೇಕಿತ್ತು. ಇನ್ನೂ ಬಂದಿಲ್ಲ. 2021ರ ಜನವರಿಯಲ್ಲಿ 8 ಲಕ್ಷ, 2022ರ ಮಾರ್ಚ್‌ನಲ್ಲಿ 12 ಲಕ್ಷ ಕಟ್ಟಿದ್ದಾರೆ. ನನ್ನ ವಾಕ್ಯ ಹೀಗಿದೆ: “ನನ್ನ ಬುಕಿಂಗ್ ರದ್ದುಪಡಿಸಿ, ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕೆಂದು ಕೋರುತ್ತೇನೆ.” ‘ಕೋರುತ್ತೇನೆ’ ತೀರಾ ಮೆತ್ತಗಾಯಿತು ಅನಿಸುತ್ತದೆ. ‘ಆಗ್ರಹಿಸುತ್ತೇನೆ’ ಅಂದರೆ ಜಗಳದ ದನಿ ಬರುತ್ತದಾ?

ಮೊದಲ ಉತ್ತರ:
ಯಾವ ಪದ ಹಾಕಿದರೂ ಅಷ್ಟೇ. ನನಗೆ ಸಾಲ ಮಂಜೂರಾಗಲಿಲ್ಲ ಅಂತ ನಾನೂ ರದ್ದು ಮಾಡಿದೆ. ಬುಕಿಂಗ್ ಹಣ ಮುರಿದುಕೊಂಡೇ ಉಳಿದದ್ದನ್ನು ಕೊಟ್ಟರು. ಬಡ್ಡಿಯ ಮಾತೇ ಇಲ್ಲ.

ಎರಡನೆಯ ಉತ್ತರ:
‘ಆಗ್ರಹ’ವೇ ಇರಲಿ, ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾಯ್ದೆ ನಿಮ್ಮ ಕಡೆ ಇದೆ. ಬಡ್ಡಿಯನ್ನು ಮಾತ್ರ ‘ವಿಳಂಬ ಶುರುವಾದ ದಿನದಿಂದ’ ಅಂತ ಬರೆಯಿರಿ. ಅಂದರೆ 2024ರ ಜನವರಿಯಿಂದ.

ಮೂರನೆಯ ಉತ್ತರ:
ನಾನು ಇಂಥ ಕೇಸುಗಳನ್ನೇ ನಡೆಸುವ ವಕೀಲೆ. ಮೊದಲು ಉತ್ತರಿಸಿದವರು ತಮ್ಮ ಕಾರಣಕ್ಕೆ ಬಿಟ್ಟರು, ಚಿಕ್ಕಪ್ಪನದು ಬಿಲ್ಡರ್ ಮಾತು ತಪ್ಪಿದ ಪ್ರಕರಣ. ‘ಬುಕಿಂಗ್ ರದ್ದುಪಡಿಸಿ’ ಅಂತಷ್ಟೇ ಬರೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಖರೀದಿದಾರರೇ ಸುಮ್ನೆ ಮನಸ್ಸು ಬದಲಿಸಿದರು ಅಂತ ಬಿಲ್ಡರ್ ವಾದಿಸಿ, ಬುಕಿಂಗ್ ಹಣ ಮುರಿದುಕೊಳ್ಳಲು ನೋಡುತ್ತಾರೆ. 2016ರ ರೇರಾ ಕಾಯ್ದೆಯ 18ನೇ ಸೆಕ್ಷನ್ ಹೇಳುವುದು ಯೋಜನೆಯಿಂದ ಹಿಂದೆ ಸರಿಯುವ ಹಕ್ಕಿನ ಬಗ್ಗೆ. ಹಾಗಾಗಿ ಕಾರಣವೇ ಮೊದಲು ಬರಲಿ:

“ಒಪ್ಪಂದದ ದಿನಾಂಕದೊಳಗೆ ನೀವು ಫ್ಲ್ಯಾಟನ್ನು ನನ್ನ ಸ್ವಾಧೀನಕ್ಕೆ ಕೊಡದ ಕಾರಣ, ನಾನು ಈ ಯೋಜನೆಯಿಂದ ಹಿಂದೆ ಸರಿಯುತ್ತಿದ್ದೇನೆ. ಕಟ್ಟಿದ ಪೂರ್ತಿ ಹಣವನ್ನು, ಪ್ರತಿ ಕಂತು ಪಾವತಿಯಾದ ದಿನದಿಂದ ಮರಳಿಸುವ ದಿನದವರೆಗಿನ ಬಡ್ಡಿಯೊಂದಿಗೆ ಕೊಡಬೇಕೆಂದು ಆಗ್ರಹಿಸುತ್ತೇನೆ.”

‘ಆಗ್ರಹ’ ಇಲ್ಲಿ ಒರಟಲ್ಲ. ಕೇಳಿದಾಗ ಹಣ ಕೊಡಲೇಬೇಕು ಅನ್ನುತ್ತದೆ ಕಾಯ್ದೆ. ಕೇಳಿದ್ದು ಸ್ಪಷ್ಟವಾಗಿರಬೇಕು, ಅಲ್ವಾ? ಬಿಲ್ಡರ್ ಎಂಥ ಅಡಚಣೆ ಹೇಳಿದರೂ ಈ ಹಕ್ಕಿಗೆ ಷರತ್ತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿಳಂಬದ ದಿನದಿಂದ ಲೆಕ್ಕ ಹಾಕುವುದು ಫ್ಲ್ಯಾಟ್ ಬೇಕು ಅಂತ ಕಾಯುವವರ ತಿಂಗಳ ಬಡ್ಡಿಗೆ. ಬಿಟ್ಟು ಹೋಗುವವರಿಗೆ ಹಣ ಬಿಲ್ಡರ್ ಕೈ ಸೇರಿದ ದಿನದಿಂದಲೇ. ನಿಮ್ಮ 8 ಲಕ್ಷಕ್ಕೆ 2021ರ ಜನವರಿಯಿಂದ, 12 ಲಕ್ಷಕ್ಕೆ 2022ರ ಮಾರ್ಚ್‌ನಿಂದ. ಆ ಒಂದು ಪದಗುಚ್ಛಕ್ಕೆ ಮೊದಲ ಕಂತಿನ ಸುಮಾರು ಮೂರು ವರ್ಷದ ಬಡ್ಡಿ ಹೋಗುತ್ತಿತ್ತು. ಶೇಕಡಾವಾರು ದರವನ್ನು ನೀವೇ ಊಹಿಸಿ ಬರೆಯಬೇಡಿ, ‘ರೇರಾ ನಿಯಮದ ದರದಲ್ಲಿ’ ಅನ್ನಿ. ಕರ್ನಾಟಕದಲ್ಲಿ ಅದು, ಎಸ್‌ಬಿಐ ಸಾಲದ ಬಡ್ಡಿಗೆ ಆಧಾರವಾಗಿಡುವ ಎಂಸಿಎಲ್‌ಆರ್ ದರಗಳಲ್ಲಿ ಗರಿಷ್ಠವಾದದ್ದಕ್ಕಿಂತ ಶೇ 2 ಜಾಸ್ತಿ.

ಎರಡನೆಯವರು ಮತ್ತೆ:
ಬಡ್ಡಿ ವಿಷಯ ಒಪ್ಪಿದೆ. ಆದರೆ ‘ಹಿಂದೆ ಸರಿಯುತ್ತಿದ್ದೇನೆ’ ಅಂದರೆ ಕೊಟ್ಟ ಮಾತು ಮುರಿದವರು ಚಿಕ್ಕಪ್ಪನೇ ಅನ್ನುವ ಹಾಗೆ ಕೇಳಿಸುತ್ತದೆ. ‘ಹೊರಬರುತ್ತಿದ್ದೇನೆ’ ಆಗದೇ?

ವಕೀಲೆ:
ಆಗಬಹುದು, ಅರ್ಥ ಕೆಡುವುದಿಲ್ಲ. ಕಾಯ್ದೆಯ ಮಾತಿಗೆ ಹತ್ತಿರ ಅಂತ ನಾನು ‘ಹಿಂದೆ ಸರಿ’ಯನ್ನೇ ಬಳಸುತ್ತೇನೆ.

ಪ್ರಶ್ನೆ ಕೇಳಿದವರು:
ವಾಕ್ಯ ಬದಲಿಸಿದೆ. ಚಿಕ್ಕಪ್ಪನಿಗೆ ‘ಹೊರಬರುತ್ತಿದ್ದೇನೆ’ ಹಿಡಿಸಿದೆ. ‘ಸ್ವಾಧೀನ’ ಮಾತ್ರ ಅವರಿಗೆ ಭೂಸ್ವಾಧೀನದ ನೆನಪು ತರುತ್ತದಂತೆ. ‘ಹಸ್ತಾಂತರ’ ಸಾಕೇ?