ಬೀಗರೂಟದ ನಂತರ ಹೊಟ್ಟೆ ಕೆಟ್ಟಿದೆ ಅಂತ ಫೋನ್ ಬಂತು, ಈಗ ಏನು ಮಾಡಲಿ?

ಪ್ರಶ್ನೆ: ಅಡುಗೆ ಕಂಟ್ರಾಕ್ಟರ್, ಕೋಲಾರ
ನಿನ್ನೆ ಮಧ್ಯಾಹ್ನ ಬೀಗರೂಟಕ್ಕೆ ಮುದ್ದೆ, ಮಟನ್ ಸಾರು, ಅನ್ನ ಮಾಡಿಕೊಟ್ಟೆವು. ಎರಡು ಗಂಟೆಗೆ ಬಡಿಸಿದ್ದು. ಇವತ್ತು ಬೆಳಿಗ್ಗೆ ಅವರ ಮನೆಯವರು ಫೋನ್ ಮಾಡಿ, ಮಧ್ಯರಾತ್ರಿಯಿಂದ ಎಂಟು ಜನಕ್ಕೆ ಹೊಟ್ಟೆ ನುಲಿತ, ಭೇದಿ ಅಂತ ಕೂಗಾಡಿದರು. ವಾಂತಿ ಇಲ್ವಂತೆ. ಅರ್ಧ ಬಕೆಟ್ ಸಾರು ಇನ್ನೂ ಶೆಡ್ಡಿನಲ್ಲೇ ಇದೆ. ತಪ್ಪು ನಮ್ಮದೇ ಅಂತ ಒಪ್ಪಿಕೊಳ್ಳಲಾ?

ಒಬ್ಬ ಹೋಟೆಲ್ ಮಾಲೀಕರು, ಮುಳಬಾಗಿಲು
ಅಣ್ಣ, ಹೆದರಬೇಡಿ. ಊಟ ಕೆಟ್ಟಿದ್ದರೆ ಒಂದೆರಡು ಗಂಟೆಯಲ್ಲೇ ಗೊತ್ತಾಗುತ್ತೆ. ಹತ್ತು ಗಂಟೆ ಆದಮೇಲೆ ಅಂದ್ರೆ ನಿಮ್ಮದಲ್ಲ. ಆ ಸಾರನ್ನು ಚೆಲ್ಲಿ, ಪಾತ್ರೆ ತೊಳೆಸಿಬಿಡಿ.

ಆಹಾರ ಸುರಕ್ಷತೆ ತರಬೇತುದಾರರು, ಕೋಲಾರ
ದಯವಿಟ್ಟು ಚೆಲ್ಲಬೇಡಿ. ಸಮಯ ನೋಡಬೇಕು ಅನ್ನೋದು ಸರಿ, ಆದರೆ ಆ ಲೆಕ್ಕ ಇಲ್ಲಿ ಉಲ್ಟಾ. ಒಂದರಿಂದ ಆರು ಗಂಟೆಯಲ್ಲಿ ವಾಂತಿ ಶುರುವಾದರೆ, ಹೊರಗಿಟ್ಟ ಅನ್ನದ ಮೇಲೆ ಅಥವಾ ಕೈಯಿಂದ ತಗುಲಿದ ಕ್ರಿಮಿಯ ಮೇಲೆ ಅನುಮಾನ ಹೋಗುತ್ತೆ. ಎಂಟರಿಂದ ಹನ್ನೆರಡು ಗಂಟೆ ಬಿಟ್ಟು, ವಾಂತಿ ಇಲ್ಲದೆ ಬರೀ ನುಲಿತ, ಭೇದಿ ಅಂದ್ರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಕ್ರಿಮಿ ನೆನಪಾಗುತ್ತೆ. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರಿದ ಮಾಂಸದ ಸಾರು ಅದಕ್ಕೆ ಬಹಳ ಇಷ್ಟ. ಹಾಗಂತ ಇದು ಅದೇ ಅಂತ ಫೋನಿನಲ್ಲಿ ಯಾರೂ ಹೇಳೋಕಾಗಲ್ಲ.

ಈಗಲೇ ಒಂದು ಸೌಟು, ಮುಚ್ಚಳವಿರುವ ಎರಡು ಸ್ಟೀಲ್ ಡಬ್ಬಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ, ಒರೆಸದೆ ಆರಿಸಿ. ಸಾರು ಕಲಕಿ, ತುಂಡು ರಸ ಎರಡೂ ಬರುವ ಹಾಗೆ ಒಂದೊಂದು ಡಬ್ಬಿಗೆ ಸುಮಾರು 200 ಗ್ರಾಂ ತುಂಬಿ. ಮೇಲೆ ಪದಾರ್ಥ, ಬೇಯಿಸಿದ ಹೊತ್ತು, ಬಡಿಸಿದ ಹೊತ್ತು, ಡಬ್ಬಿಗೆ ಹಾಕಿದ ಹೊತ್ತು ಬರೆದು ಅಂಟಿಸಿ. ರಾತ್ರಿಯೆಲ್ಲ ಹೊರಗಿತ್ತು ಅನ್ನೋದನ್ನೂ ಬರೆಯಿರಿ. ಅದಿಲ್ಲದಿದ್ದರೆ ಆಮೇಲೆ ಬೆಳೆದ ಕ್ರಿಮಿಯನ್ನು ಊಟದ ಹೊತ್ತಿನದು ಅಂದುಕೊಳ್ಳುತ್ತಾರೆ. ಫ್ರಿಜ್ಜಿನಲ್ಲಿ ಐದು ಡಿಗ್ರಿ ಒಳಗಿಡಿ. ಫ್ರೀಜರ್ ಬೇಡ, ಈ ಕ್ರಿಮಿ ಅಲ್ಲಿ ಸಾಯುತ್ತೆ, ಲ್ಯಾಬ್‌ನಲ್ಲಿ ಏನೂ ಸಿಗದೆ ಹೋಗಬಹುದು. ಬಕೆಟ್ಟನ್ನು ಮುಚ್ಚಿ, ಯಾರೂ ಬಳಸಬಾರದು ಅಂತ ಚೀಟಿ ಹಾಕಿ.

ಆಮೇಲೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ನೀವೇ ತಿಳಿಸಿ. ಅವರ ಮಾದರಿ ಅವರೇ ತೆಗೆದುಕೊಳ್ಳುತ್ತಾರೆ, ನಿಮ್ಮ ಡಬ್ಬಿ ಅದಕ್ಕೆ ಬದಲಿಯಲ್ಲ, ದಾರಿ ತೋರಿಸುತ್ತೆ ಅಷ್ಟೇ.

ಬೇಕರಿ ನಡೆಸುವವರು, ಚಿಂತಾಮಣಿ
ನಮ್ಮ ಪಫ್ಸ್ ಬಗ್ಗೆ ಯಾರೋ ಸುಮ್ನೆ ಕೆಟ್ಟದಾಗಿ ರಿವ್ಯೂ ಹಾಕಿದ್ದರು. ಅದನ್ನು ತೆಗೆಸೋದು ಹೇಗೆ ಮೇಡಂ?

ತರಬೇತುದಾರರು
ಅದು ಬೇರೆ ವಿಷಯ, ಇನ್ನೊಮ್ಮೆ ಕೇಳಿ. ಇಲ್ಲಿ ಜನ ಇನ್ನೂ ನರಳುತ್ತಿದ್ದಾರೆ.

ಪ್ರಶ್ನೆ ಕೇಳಿದವರು
ಡಬ್ಬಿ ಇಟ್ಟೆ ಮೇಡಂ. ಫೋನಿನಲ್ಲಿ ಏನಂತ ಮಾತಾಡಲಿ? ದುಡ್ಡು ಕೊಟ್ಟು ಮುಗಿಸು ಅಂತಿದಾರೆ ನಮ್ಮ ಮಾವ.

ತರಬೇತುದಾರರು
ನೀವೊಬ್ಬರೇ ಮಾತಾಡಿ, ಹುಡುಗರ ಕೈಗೆ ಫೋನ್ ಕೊಡಬೇಡಿ. ಹೀಗೆ ಶುರು ಮಾಡಿ: "ಕೇಳಿ ತುಂಬಾ ಬೇಜಾರಾಯ್ತು ಸರ್. ಈಗ ಎಲ್ಲರೂ ಹೇಗಿದ್ದಾರೆ? ಸಾರಿನ ಮಾದರಿ ಎತ್ತಿಟ್ಟಿದ್ದೀನಿ, ಅಧಿಕಾರಿಗಳಿಗೂ ಹೇಳ್ತಿದ್ದೀನಿ. ಸಂಜೆ ಐದಕ್ಕೆ ನಾನೇ ಫೋನ್ ಮಾಡ್ತೀನಿ." ನಮ್ಮದೇ ತಪ್ಪು ಅಂತಲೂ ಬೇಡ, ನಮ್ಮದಲ್ಲ ಅಂತಲೂ ಬೇಡ. ಎರಡೂ ಇನ್ನೂ ಗೊತ್ತಿಲ್ಲ. ಐದಕ್ಕೆ ಅಂದಮೇಲೆ ಹೊಸ ಸುದ್ದಿ ಇಲ್ಲದಿದ್ದರೂ ಐದಕ್ಕೇ ಮಾಡಿ. ವಯಸ್ಸಾದವರು, ಮಕ್ಕಳು, ಬಸುರಿಯರಿದ್ದರೆ, ಭೇದಿಯಲ್ಲಿ ರಕ್ತ, ಜ್ವರ ಇದ್ದರೆ ತಕ್ಷಣ ಆಸ್ಪತ್ರೆಗೆ ಅನ್ನಿ. ಆಂಟಿಬಯೋಟಿಕ್ ಕೊಡುವ ಮುಂಚೆ ಮಲ ಪರೀಕ್ಷೆಗೆ ಕಳಿಸಬಹುದಾ ಅಂತ ಡಾಕ್ಟರನ್ನು ಕೇಳೋಕೆ ಹೇಳಿ. ಆಸ್ಪತ್ರೆ ಖರ್ಚಿಗೆ ಕೊಡೋದು ನಿಮ್ಮ ಇಷ್ಟ. ದೂರು ಕೊಡಲ್ಲ ಅಂತ ಬರೆಸಿಕೊಳ್ಳೋಕೆ ಮಾತ್ರ ಹೋಗಬೇಡಿ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಪುಸ್ತಕದಲ್ಲಿ ಬರೆಯಿರಿ. ಯಾರು, ಏನೇನು ತಿಂದರು, ಎಷ್ಟೊತ್ತಿಗೆ ಶುರುವಾಯಿತು. ಅದೇ ಸಾಲಿನಲ್ಲಿ ಕೂತು ಏನೂ ಆಗದವರನ್ನೂ ಕೇಳಿ, ಇದನ್ನು ಎಲ್ಲರೂ ಬಿಡುತ್ತಾರೆ. ಮುದ್ದೆ ತಿಂದು ಸಾರು ಮುಟ್ಟದವರು ಚೆನ್ನಾಗಿದ್ದರೆ ಅದೇ ದೊಡ್ಡ ಸುಳಿವು. ಸಾರು ಯಾವಾಗ ಮಾಡಿದ್ದು?

ಪ್ರಶ್ನೆ ಕೇಳಿದವರು
ಹಿಂದಿನ ರಾತ್ರಿ. ದೊಡ್ಡ ಹಂಡೆಯಲ್ಲಿ ಮುಚ್ಚಿಟ್ಟು, ಮಧ್ಯಾಹ್ನ ಬಿಸಿ ಮಾಡಿದೆವು. ಚೆನ್ನಾಗಿ ಬೆಂದಿತ್ತು.

ತರಬೇತುದಾರರು
ಬೇಯಿಸಿದಾಗ ಕ್ರಿಮಿ ಸಾಯುತ್ತೆ, ಅದರ ಬೀಜ ಸಾಯಲ್ಲ. ಮುಚ್ಚಿದ ಹಂಡೆಯ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತೆ, ಆಗ ಮೊಳೆತು ಬೆಳೆಯುತ್ತೆ. ಬಿಸಿ ಮಾಡುವಾಗ ಅಂಚು ಕುದ್ದು ನಡು ಬರೀ ಬೆಚ್ಚಗಾದರೆ ಬೆಳೆದದ್ದು ಉಳಿದೇಬಿಡುತ್ತೆ. ಎಷ್ಟೊತ್ತು ಕುದಿಸಿದಿರಿ ಅಂತ ಅಡುಗೆಯವರನ್ನು ಕೇಳಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಮುಂದಿನ ಅಡುಗೆ ಇದ್ದರೆ ಅಗಲದ ತಟ್ಟೆಗಳಿಗೆ ತೆಳ್ಳಗೆ ಸುರಿದು ಎರಡು ಗಂಟೆಯೊಳಗೆ ಬಿಸಿ ಇಳಿಸಿ, ಫ್ರಿಜ್ಜಿಗೆ ಹಾಕಿ. ಜಾಗ ಇಲ್ಲದಿದ್ದರೆ ಆ ದಿನವೇ ಮಾಡಿ.

ಪ್ರಶ್ನೆ ಕೇಳಿದವರು
ಇನ್ನೊಂದು ಈಗ ಗೊತ್ತಾಯ್ತು. ಉಳಿದ ಸಾರನ್ನು ಅವರು ಕ್ಯಾರಿಯರ್‌ನಲ್ಲಿ ಒಯ್ದು ರಾತ್ರಿ ಒಂಬತ್ತಕ್ಕೂ ತಿಂದಿದ್ದಾರೆ.

ಹೋಟೆಲ್ ಮಾಲೀಕರು
ಹೇಳಿದೆನಲ್ಲ, ನಿಮ್ಮದಲ್ಲ!

ತರಬೇತುದಾರರು
ಅದು ಇನ್ನೂ ಗೊತ್ತಿಲ್ಲ ಸರ್. ಒಂಬತ್ತರಿಂದ ಮಧ್ಯರಾತ್ರಿಗೆ ಮೂರೇ ಗಂಟೆ, ಈ ಕ್ರಿಮಿಗೆ ಅಷ್ಟು ಸಾಲಲ್ಲ. ಎಂಟು ಜನದಲ್ಲಿ ಮಧ್ಯಾಹ್ನ ಮಾತ್ರ ತಿಂದವರು ಯಾರು, ರಾತ್ರಿ ಮಾತ್ರ ತಿಂದವರು ಯಾರು ಅಂತ ಐದು ಗಂಟೆಯ ಫೋನಿನಲ್ಲಿ ಮೆಲ್ಲಗೆ ಕೇಳಿ. ತಪ್ಪು ಅವರ ಮೇಲೆ ಹಾಕುವ ದನಿ ಬರಬಾರದು. ಆ ಹೆಸರುಗಳು ಸಿಕ್ಕಮೇಲೆ ಇಲ್ಲಿ ಹಾಕಬೇಡಿ, ಅಧಿಕಾರಿಗೆ ಕೊಡಿ.