ಸಹಾಯ ಬೇಕು: ಮಾತು ಸುಧಾರಿಸಿದೆಯಾ, ಬರೀ ಬಾಯಿಪಾಠ ಆಗಿದೆಯಾ?

ಮೂಡಿಗೆರೆ ಹತ್ತಿರದ ಹೋಂಸ್ಟೇಯಲ್ಲಿ ಕೆಲಸ ಮಾಡುತ್ತೇನೆ, ಗೆಸ್ಟ್‌ಗಳ ಜೊತೆ ಮಾತಾಡಲು ಇಂಗ್ಲಿಷ್ ಕಲಿಯುತ್ತಿದ್ದೇನೆ. ಪ್ರತಿ ಭಾನುವಾರ ಒಂದೇ ವಿಷಯ, ಅಂದರೆ ಕಾಫಿ ಕೊಯ್ಲಿನಿಂದ ಕಣದಲ್ಲಿ ಒಣಗಿಸುವವರೆಗೆ, ಚೀಟಿ ನೋಡದೆ ಎರಡು ನಿಮಿಷ ಮಾತಾಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಹೇಗಿತ್ತು ಅಂತ ಡೈರಿಯಲ್ಲಿ ಬರೆಯುತ್ತೇನೆ.

ಮೊದಲೆಲ್ಲಾ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ವಿಷಯ ಬಂದ ಕೂಡಲೇ ‘ದೆನ್... ದೆನ್...’ ಅಂತ ನಿಲ್ಲುತ್ತಿದ್ದೆ. ಈಗ ಸಲೀಸು. ಆದರೆ ಮೊನ್ನೆ ಗೆಸ್ಟ್ ಒಬ್ಬರು ಮುಳ್ಳಯ್ಯನಗಿರಿಗೆ ದಾರಿ ಕೇಳಿದರು, ಮತ್ತೆ ಅದೇ ತಡವರಿಕೆ!

ಸರಿ, ವಾರಕ್ಕೊಂದು ಹೊಸ ವಿಷಯ ತಗೊಂಡೆ. ಆಗ ಹೋಲಿಸೋಕೇ ಆಗಲ್ಲ, ಮನೆಯವರ ಬಗ್ಗೆ ಮಾತು ಸುಲಭ, ದಾರಿ ಹೇಳೋದು ಕಷ್ಟ. ನಿಮಿಷಕ್ಕೆ ಎಷ್ಟು ಪದ ಅಂತ ಎಣಿಸಿದರೆ ಹೇಳಿದ್ದನ್ನೇ ಹೇಳಿದ ಪದಗಳೂ ಲೆಕ್ಕಕ್ಕೆ ಸೇರುತ್ತವೆ. ಈಗ ವಾಕ್ಯದ ನಡುವೆ ನಿಂತದ್ದನ್ನು ಮಾತ್ರ ಗುರುತು ಹಾಕುತ್ತೇನೆ, ವಾಕ್ಯ ಮುಗಿದ ಮೇಲೆ ಎಲ್ಲರೂ ನಿಲ್ಲುತ್ತಾರೆ ಅಲ್ವಾ. ಡೈರಿಯಂತೂ ಸುಮ್ನೆ ಆ ದಿನದ ಮೂಡ್ ಹೇಳುತ್ತೆ: ‘ಚೆನ್ನಾಗಿತ್ತು’ ಅಂತ ಬರೆದದ್ದನ್ನು ವಾರ ಬಿಟ್ಟು ಕೇಳಿದರೆ ಬೇರೆಯೇ ಅನ್ನಿಸುತ್ತೆ.

ಹೀಗೆ ರೆಕಾರ್ಡ್ ಮಾಡಿ ಕಲಿತವರು ಹೇಳಿ: ತಿಂಗಳಿಂದ ತಿಂಗಳಿಗೆ ಹೋಲಿಸಲು ಹಳೆಯ ವಿಷಯವನ್ನೇ ಇಟ್ಟುಕೊಳ್ಳಲಾ, ಅಥವಾ ‘ದಾರಿ ಹೇಳೋದು’ ಥರ ಒಂದೇ ಬಗೆಯ ಪ್ರಶ್ನೆಗೆ ಪ್ರತಿ ಸಲ ಹೊಸ ಊರು ತಗೊಳ್ಳಲಾ?