ಸಾಲ ತಗೊಂಡಿದ್ದು 4 ಲಕ್ಷ, ಸ್ಟೇಟ್‌ಮೆಂಟ್‌ನಲ್ಲಿ 5.70 ಲಕ್ಷ

ಪ್ರಶ್ನೆ: ಓದಿಗೆ ವರ್ಷಕ್ಕೆ 1 ಲಕ್ಷದಂತೆ 4 ವರ್ಷ ಸಾಲ ತಗೊಂಡೆ, ಬಡ್ಡಿ 10%. ಕೋರ್ಸ್ ಮುಗಿದು ಒಂದು ವರ್ಷದ ಮೊರಟೋರಿಯಂ ಕೂಡ ಮುಗಿಯಿತು. ಮೊದಲ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ 5.70 ಲಕ್ಷ ಇದೆ. ಇದು ಸರಿನಾ?

ಒಬ್ಬರು: ಓದುವಾಗಿನ ಬಡ್ಡಿ ಸರ್ಕಾರವೇ ಕಟ್ಟುತ್ತದೆ ಅಲ್ವಾ? ನನ್ನ ತಮ್ಮನಿಗೆ ಒಂದು ರೂಪಾಯಿ ಬಡ್ಡಿಯೂ ಸೇರಿರಲಿಲ್ಲ. ಬ್ಯಾಂಕಿನವರನ್ನು ಕೇಳಿ.

ಬ್ಯಾಂಕ್‌ನಲ್ಲಿ ಸಾಲ ವಿಭಾಗದಲ್ಲಿದ್ದವರು: ಆ ಸಬ್ಸಿಡಿ ಎಲ್ಲರಿಗೂ ಇಲ್ಲ. ಕುಟುಂಬದ ಆದಾಯಕ್ಕೆ ಮಿತಿ ಇದೆ, ಅರ್ಜಿಯನ್ನೂ ಹಾಕಿರಬೇಕು. ಮೊರಟೋರಿಯಂ ಅಂದರೆ ಕಂತು ಕಟ್ಟಲು ಬಿಡುವು ಅಷ್ಟೇ, ಬಡ್ಡಿ ಓಡುತ್ತಲೇ ಇರುತ್ತದೆ.

ಈಗ ನಿಮ್ಮ ಲೆಕ್ಕ. ಪ್ರತಿ ಲಕ್ಷಕ್ಕೂ ಅದು ಬಿಡುಗಡೆಯಾದ ದಿನದಿಂದ ಬಡ್ಡಿ ಶುರು. ಮೊದಲ ಲಕ್ಷ 5 ವರ್ಷ ಓಡಿದೆ, ಬಡ್ಡಿ 50,000. ಆಮೇಲಿನವು 40,000, 30,000, 20,000. ಸರಳ ಬಡ್ಡಿಯಾದರೆ ಒಟ್ಟು 1.40 ಲಕ್ಷ, ಬಾಕಿ 5.40 ಲಕ್ಷ ಇರಬೇಕಿತ್ತು. ಬಡ್ಡಿಯನ್ನು ಅಸಲಿಗೆ ಸೇರಿಸಿ ಕಂತು ನಿಗದಿ ಮಾಡುವುದು ಮಾಮೂಲು. ಆದರೆ ಅದು ಮೊರಟೋರಿಯಂ ಮುಗಿದ ಮೇಲೆ. ಪ್ರತಿ ತಿಂಗಳೂ ಸೇರಿಸುತ್ತಾ ಹೋಗಿದ್ದರೆ ಸುಮಾರು 5.70 ಲಕ್ಷವೇ ಬರುತ್ತದೆ. ನನಗೆ ಅನುಮಾನ ಅಲ್ಲೇ.

ಪರೀಕ್ಷಿಸುವುದು ಸುಲಭ. ಕೊನೆಯ ಬಿಡುಗಡೆಯ ನಂತರದ ತಿಂಗಳುಗಳ ಬಡ್ಡಿ ನೋಡಿ. ಸರಳ ಬಡ್ಡಿಯಾದರೆ 31 ದಿನದ ಪ್ರತಿ ತಿಂಗಳೂ ಸುಮಾರು 3,397 ರೂಪಾಯಿ. ದಿನಗಳ ಲೆಕ್ಕಕ್ಕೆ ಅಥವಾ ದರ ಬದಲಾದರೆ ಮಾತ್ರ ಏರಿಳಿತ. ಪ್ರತಿ ತಿಂಗಳೂ ಏರುತ್ತಾ ಹೋಗಿದ್ದರೆ ಚಕ್ರಬಡ್ಡಿ.

ಇನ್ನೊಬ್ಬರು: ಕಟ್ಟುವ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ, ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಬ್ಯಾಂಕಿನಿಂದ ಬಡ್ಡಿಯ ಸರ್ಟಿಫಿಕೇಟ್ ತಗೊಳ್ಳಿ. ನನ್ನ ಖಾತೆಯಲ್ಲಿ ಇನ್ಶೂರೆನ್ಸ್ ಪ್ರೀಮಿಯಂ ಅನ್ನೂ ಸಾಲಕ್ಕೇ ಸೇರಿಸಿದ್ದರು, ಅದನ್ನೂ ನೋಡಿ.

ಕೇಳಿದವರು: ಪ್ರೀಮಿಯಂ ಇಲ್ಲ. ಬಡ್ಡಿ ತಿಂಗಳು ತಿಂಗಳು ಏರಿದೆ, ಕೊನೆಯದು 4,700 ಚಿಲ್ಲರೆ. ದರ ಬದಲಾಗಿಲ್ಲ. 10 ವರ್ಷಕ್ಕೆ ಕಂತು 7,500ರ ಮೇಲೆ ತೋರಿಸುತ್ತಿದೆ.

ಬ್ಯಾಂಕ್‌ನಲ್ಲಿ ಸಾಲ ವಿಭಾಗದಲ್ಲಿದ್ದವರು: ಹಾಗಾದರೆ ಚಕ್ರಬಡ್ಡಿಯೇ. 5.40 ಲಕ್ಷಕ್ಕಾದರೆ ಕಂತು ಸುಮಾರು 7,136. ಮೊದಲ ಕಂತಿನಲ್ಲಿ 4,500 ಬಡ್ಡಿಗೇ ಹೋಗುತ್ತಿತ್ತು, ಅಸಲಿಗೆ ಸೇರುವುದು 2,636 ಮಾತ್ರ. ಇನ್ನು ಸ್ಯಾಂಕ್ಷನ್ ಲೆಟರ್ ತೆಗೆಯಿರಿ. ಮೊರಟೋರಿಯಂನಲ್ಲಿ ಸರಳ ಬಡ್ಡಿ ಅಂತ ಬರೆದಿದ್ದರೆ ಶಾಖೆಗೆ ಲಿಖಿತವಾಗಿ ಕೊಟ್ಟು ಲೆಕ್ಕ ಕೇಳಿ, ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ‘ಮಂತ್ಲಿ ರೆಸ್ಟ್’, ಅಂದರೆ ಪ್ರತಿ ತಿಂಗಳೂ ಬಡ್ಡಿಯನ್ನು ಬಾಕಿಗೆ ಸೇರಿಸುವುದು, ಅಂತಷ್ಟೇ ಇದ್ದರೆ ವಾದ ಕಷ್ಟ.

ಕೇಳಿದವರು: ಲೆಟರ್‌ನಲ್ಲಿ ಎರಡೂ ಇವೆ! ಒಂದು ಪುಟದಲ್ಲಿ ಸರಳ, ಇನ್ನೊಂದರಲ್ಲಿ ಮಂತ್ಲಿ ರೆಸ್ಟ್.

ಬ್ಯಾಂಕ್‌ನಲ್ಲಿ ಸಾಲ ವಿಭಾಗದಲ್ಲಿದ್ದವರು: ಎರಡನೆಯದು ಕಂತು ಶುರುವಾದ ಮೇಲಿನ ಅವಧಿಗೆ ಇರಬಹುದು. ಆ ಎರಡೂ ಸಾಲುಗಳನ್ನು ಅರ್ಜಿಯಲ್ಲಿ ಹಾಗೇ ಬರೆದು ಕೇಳಿ. ಕಂತು ಮಾತ್ರ ನಿಲ್ಲಿಸಬೇಡಿ, ತಡವಾದದ್ದು ಸಿಬಿಲ್‌ನಲ್ಲಿ ಕಾಣುತ್ತದೆ.